ಅಕ್ಕನ ಟಿವಿಗೆ ಕನ್ನಡ ಬರುವುದಿಲ್ಲ

ಹಿರೇಕೆರೂರಿನ ಟಿವಿ ಅಂಗಡಿಯೊಂದರಲ್ಲಿ ನಾನು ಆರು ವರ್ಷದಿಂದ ಗಿರಾಕಿಗಳಿಗೆ ಟಿವಿ ತೋರಿಸುವ ಕೆಲಸ ಮಾಡುತ್ತೇನೆ. ಸಂತೆಯ ದಿನ ನಮ್ಮಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮೆಕ್ಕೆಜೋಳ ಮಾರಿ ಬಂದವರು, ಹಾವೇರಿ ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ನೆರಳಿಗೆ ಬಂದವರು, ಕೊಳ್ಳುವವರು, ಬರೀ ನೋಡುವವರು, ಎಲ್ಲರೂ ದೊಡ್ಡ ಟಿವಿಯ ಮುಂದೆ ನಿಲ್ಲುತ್ತಾರೆ. ಆಗ ನಾನು ರಿಮೋಟಿನ ಮೈಕ್ ಗುಂಡಿ ಒತ್ತಿ ಒಬ್ಬ ಸಿನಿಮಾ ನಟನ ಹೆಸರು ಹೇಳುತ್ತೇನೆ. ತೆರೆಯ ತುಂಬ ಅವನ ಸಿನಿಮಾಗಳು ಸಾಲುಸಾಲಾಗಿ ಬಂದು ನಿಲ್ಲುತ್ತವೆ. ಜನ ಹೋ ಎನ್ನುತ್ತಾರೆ. ಅಷ್ಟು ಹೊತ್ತು ನನಗೂ ಒಂದಿಷ್ಟು ಗತ್ತು ಬರುತ್ತದೆ, ಸುಳ್ಳೇಕೆ ಹೇಳಲಿ.

ಆಮೇಲೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಕನ್ನಡ ತಿಳೀತೈತೇನ್ರಿ ಇದಕ್ಕ?"

"ಎಲ್ಲಾ ತಿಳೀತೈತ್ರಿ. ತಗೋರಿ, ನೀವ ಮಾತಾಡಿ ನೋಡ್ರಿ," ಎಂದು ನಾನು ರಿಮೋಟನ್ನು ಅವರ ಬಾಯಿಯ ಹತ್ತಿರ ಹಿಡಿಯುತ್ತಿದ್ದೆ. ಹತ್ತು ಜನರ ಎದುರು ಒಂದು ಯಂತ್ರದ ಜೊತೆ ಮಾತಾಡು ಎಂದರೆ ಎಂಥ ಗಟ್ಟಿ ಆಸಾಮಿಗೂ ನಾಚಿಕೆ. ತಲೆ ಕೆರೆದುಕೊಂಡು, ಪಕ್ಕದವನ ಮುಖ ನೋಡಿ, ಕೊನೆಗೆ ಒಂದು ಹಾಡಿನ ಹೆಸರೋ ಸಿನಿಮಾದ ಹೆಸರೋ ಹೇಳಿ ರಿಮೋಟ್ ವಾಪಸ್ ಕೊಡುತ್ತಿದ್ದರು. ಹೆಸರು ಹೇಳಿದರೆ ಟಿವಿ ಹುಡುಕಿ ಕೊಡುತ್ತಿತ್ತು. ಆರು ವರ್ಷದಲ್ಲಿ ನಮ್ಮ ಅಂಗಡಿಯಲ್ಲಿ ಆ ಟಿವಿಯ ಮುಂದೆ ಒಬ್ಬರೂ ಒಂದು ಪೂರ್ತಿ ಕನ್ನಡ ವಾಕ್ಯ ಆಡಿರಲಿಲ್ಲ. ನಾನೂ ಆಡಿರಲಿಲ್ಲ. ಅದಕ್ಕೇ ಟಿವಿಗೆ ಕನ್ನಡ ಬರುತ್ತದೆ ಎಂದು ನಾನು ನಂಬಿದ್ದೆ, ಗಿರಾಕಿಗಳನ್ನೂ ನಂಬಿಸಿದ್ದೆ.

ನನ್ನ ಅಕ್ಕನನ್ನು ಶಿಗ್ಗಾಂವಿಗೆ ಕೊಟ್ಟಿದೆ. ನಮ್ಮ ತವರು ಹಾನಗಲ್. ಹೋದ ವರ್ಷ ಅಕ್ಕ ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ತೆಗೆಯಲು ಹೋಗಿ ಕೆಳಗೆ ಬಿದ್ದಳು. ಕತ್ತಿನ ಹತ್ತಿರ ಬೆನ್ನುಹುರಿಗೆ ಪೆಟ್ಟಾಯಿತು. ಕಾಲು ಎರಡೂ ಹೋದವು. ಕೈ ಭುಜದವರೆಗೆ ಏಳುತ್ತದೆ, ಬೆರಳು ಮಾತು ಕೇಳುವುದಿಲ್ಲ. ಎಡಗೈಯ ಹೆಬ್ಬೆರಳು ಮಾತ್ರ ಒತ್ತು ಎಂದರೆ ಒತ್ತುತ್ತದೆ. ಬಾಯಿ ಮಾತ್ರ ಮೊದಲಿನ ಹಾಗೆಯೇ ಇತ್ತು. ನಮ್ಮ ಓಣಿಯಲ್ಲಿ ಅಕ್ಕನ ಬಾಯಿಗೆ ಎದುರು ನಿಂತವರು ಯಾರೂ ಇರಲಿಲ್ಲ.

ಮನೆಯಲ್ಲಿ ಮೂವರು: ಅಕ್ಕ, ಭಾವ, ಭಾವನ ಅವ್ವ. ಯಾರೂ ಕೆಟ್ಟವರಲ್ಲ. ಭಾವ ಗಾಡಿಯಲ್ಲಿ ಹತ್ತಿಯನ್ನೂ ಮೆಕ್ಕೆಜೋಳವನ್ನೂ ಸಾಗಿಸುವವರು, ಬೆಳಿಗ್ಗೆ ಹೋದರೆ ಸಂಜೆಯೇ. ಅತ್ತೆಗೆ ಮೊಣಕಾಲು ನೋವು. ಅಡುಗೆಮನೆಯಿಂದ ಅಕ್ಕನ ಕೋಣೆಗೆ ಬರಬೇಕಾದರೆ ಗೋಡೆ ಹಿಡಿದುಕೊಂಡು ಬರಬೇಕು. ಅಕ್ಕ ಮಲಗಿದಲ್ಲಿಂದ ಕೂಗಿದರೆ ಅತ್ತೆ "ಬಂದೆ, ಬಂದೆ" ಎನ್ನುತ್ತ ಸೆರಗಿಗೆ ಕೈ ಒರೆಸಿಕೊಂಡು ಬರುವರು. ಚಾನೆಲ್ ಬದಲಿಸು, ಸಪ್ಪಳ ಕಮ್ಮಿ ಮಾಡು, ಬಂದ್ ಮಾಡು. ದಿನಕ್ಕೆ ಎಷ್ಟು ಸಲ? ಬೈದಿದ್ದರೆ ಅಕ್ಕ ತಿರುಗಿ ಬೈದು ಹಗುರಾಗುತ್ತಿದ್ದಳು. ಅತ್ತೆ ಬೈಯುತ್ತಿರಲಿಲ್ಲ. ಉಸಿರು ಬಿಡುತ್ತಿದ್ದರು, ಅಷ್ಟೇ.

"ನಂಗ ಟಿವಿ ಬ್ಯಾಡಾಗೈತಿ," ಎಂದಳು ಅಕ್ಕ, ನಾನು ನೋಡಲು ಹೋದಾಗ.

"ಯಾಕ?"

"ಕೇಳೂದು ಬ್ಯಾಡಾಗೈತಿ. ನೀರ ಕೇಳಬೇಕು, ಮಗ್ಗಲಾ ಹೊಳ್ಳಿಸಂತ ಕೇಳಬೇಕು, ಅವನ್ನ ಬಿಡಾಕ ಬರಂಗಿಲ್ಲ. ಇದನ್ನರ ಬಿಡ್ತೇನಿ. ದಿನಕ್ಕ ಹತ್ತು ಸಲ ಕೇಳೂದು ಕಡಿಮಿ ಆಕ್ಕೈತಿ."

ಅಕ್ಕ ಕೇಳುವುದನ್ನೂ ಲೆಕ್ಕ ಹಾಕಿ ಇಟ್ಟಿದ್ದಳು. ಆಗಲೇ ನನ್ನ ಬಾಯಿಂದ ಆ ಮಾತು ಬಂದದ್ದು. "ಅಕ್ಕಾ, ನಮ್ಮ ಅಂಗಡ್ಯಾಗ ಒಂದು ಟಿವಿ ಐತಿ. ಒಂದ ಗುಂಡಿ ಒತ್ತಿ ಬಾಯಿಲೆ ಹೇಳಿದ್ರ ಆತು. ಯಾರ್ನೂ ಕೇಳೂದು ಬ್ಯಾಡ."

"ಕನ್ನಡದಾಗ?"

"ಮತ್ಯಾವುದ್ರಾಗ? ನಾ ದಿನಾ ತೋರಸ್ತೇನಲ್ಲ," ಎಂದೆ.

ಅಕ್ಕ ಬಿದ್ದ ಮೇಲೆ ಅವಳ ಮುಖ ಹಾಗೆ ಅರಳಿದ್ದನ್ನು ನಾನು ನೋಡಿರಲಿಲ್ಲ.

ಹದಿನೈದು ದಿನದಲ್ಲಿ ಟಿವಿ ತಗೊಂಡು ಹೋದೆ. ಭಾವ ಇಂಟರ್ನೆಟ್ ಹಾಕಿಸಿದ್ದರು. ಅಕ್ಕನಿಗೆ ಇಮೇಲ್ ಇರಲಿಲ್ಲ, ನನ್ನದನ್ನೇ ಹಾಕಿ ಟಿವಿ ಶುರು ಮಾಡಿದೆ. ರಿಮೋಟನ್ನು ಒಂದು ಮರದ ತುಂಡಿಗೆ ರಬ್ಬರಿನಿಂದ ಬಿಗಿದು ಅಕ್ಕನ ಎಡಗೈಯ ಕೆಳಗೆ ಇಟ್ಟೆ. ಮೈಕ್ ಗುಂಡಿಯ ಮೇಲೆ ಹೆಬ್ಬೆರಳು ತಾನಾಗಿ ಕೂತಿತು. ಅತ್ತೆ, ಭಾವ, ಪಕ್ಕದ ಮನೆಯಾಕೆ ಎಲ್ಲರೂ ಬಾಗಿಲಲ್ಲಿ ನಿಂತಿದ್ದರು. ಅಕ್ಕ ಗಂಟಲು ಸರಿಮಾಡಿಕೊಂಡು, ಬಾಗಿಲಲ್ಲಿ ಇಷ್ಟು ಮಂದಿ ನಿಂತಿದ್ದರೂ ಅಂಗಡಿಯ ಗಿರಾಕಿಗಳ ಹಾಗೆ ನಾಚದೆ, ನಮ್ಮೊಂದಿಗೆ ಮಾತಾಡುವ ಹಾಗೆಯೇ ಹೇಳಿದಳು:

"ನಾ ನೋಡ್ತಿದ್ದ ಧಾರಾವಾಹಿ ಮುಂದಿಂದು ಹಚ್ಚು. ಸಪ್ಪಳ ಸ್ವಲ್ಪ ಕಮ್ಮಿ ಇರ್ಲಿ."

ತೆರೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಏನೋ ಹರಿಯಿತು. ಯಾವುದೋ ದೇಶದ ಅಡುಗೆಯ ವಿಡಿಯೋಗಳು ಬಂದವು. ಅಕ್ಕ ಇನ್ನೊಮ್ಮೆ ಹೇಳಿದಳು, ನಿಧಾನವಾಗಿ. ಮತ್ತೆ ಬೇರೆ ಏನೋ ಬಂತು. ಮೂರನೆಯ ಸಲ ಅವಳು ನನ್ನ ಕಡೆ ನೋಡಿದಳು.

ನಾನು ಸೆಟ್ಟಿಂಗ್ಸ್ ತೆರೆದೆ. ತೆರೆಯ ಮೇಲಿನ ಅಕ್ಷರಗಳ ಭಾಷೆಗೆ ಹೋದರೆ ಅಲ್ಲಿ ಕನ್ನಡ ಇತ್ತು. ಹಾಕಿದೆ, ಎಲ್ಲವೂ ಚಂದವಾಗಿ ಕನ್ನಡದಲ್ಲಿ ಬಂತು. ಅತ್ತೆ "ಆತು ನೋಡು" ಎಂದರು. ಆದರೆ ಧ್ವನಿಯ ಭಾಷೆ ಬೇರೆ ಕಡೆ ಇತ್ತು. ಆ ಪಟ್ಟಿಯಲ್ಲಿ ಜಗತ್ತಿನ ಎಷ್ಟೋ ಭಾಷೆಗಳಿದ್ದವು, ನಮ್ಮ ಕಡೆಯವು ಎಂದರೆ ಇಂಗ್ಲಿಷ್ ಮತ್ತು ಹಿಂದಿ. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಮೂರು ಸಲ ಹುಡುಕಿದೆ. ಕನ್ನಡ ಇರಲಿಲ್ಲ. ಅಂದರೆ ಟಿವಿ ಕನ್ನಡವನ್ನು ತೋರಿಸುತ್ತದೆ, ಕೇಳಿಸಿಕೊಳ್ಳುವುದಿಲ್ಲ.

"ಅಂಗಡ್ಯಾಗ ಹೆಂಗ ಬರ್ತಿತ್ತು?" ಎಂದು ಭಾವ ಕೇಳಿದರು. ಸಿಟ್ಟಿನಿಂದ ಅಲ್ಲ, ನಿಜವಾಗಿ ತಿಳಿಯದೆ.

ಅಂಗಡಿಯಲ್ಲಿ ಬರುತ್ತಿದ್ದದ್ದು ಬರೀ ಹೆಸರು. ಹೆಸರು ಯಾವ ಭಾಷೆಯಲ್ಲಿ ಹೇಳಿದರೂ ಹೆಚ್ಚುಕಡಿಮೆ ಹೆಸರೇ. ಇಂಗ್ಲಿಷ್ ಕಿವಿಗೂ ಅದು ಸಿಗುತ್ತದೆ. ಇದನ್ನು ನಾನು ಅಲ್ಲಿಯೇ ನಿಂತು, ಆರು ವರ್ಷ ಮಾರಿದ ಮೇಲೆ, ಮೊದಲ ಸಲ ಅರ್ಥಮಾಡಿಕೊಂಡೆ. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು.

ಅಕ್ಕ ರಿಮೋಟಿನಿಂದ ಹೆಬ್ಬೆರಳು ತೆಗೆದಳು. "ಇರ್ಲಿ ಬಿಡ. ಮನ್ಯಾಗಿನವ್ರಿಗೆ ಹೇಳಿದ್ರ ಬ್ಯಾಸರಾ ಆಕ್ಕೈತಿ, ಇದಕ್ಕ ಹೇಳಿದ್ರ ತಿಳಿಯಂಗಿಲ್ಲ. ಎರಡೂ ಒಂದ," ಎಂದು ನಕ್ಕಳು. ಬಾಗಿಲಲ್ಲಿದ್ದವರೂ ನಕ್ಕರು. ನನಗೆ ನಗಲು ಆಗಲಿಲ್ಲ.

ಮರುದಿನ ಅಂಗಡಿಗೆ ಹೋದವಳೇ ಮಾಲೀಕರ ಹತ್ತಿರ ಜಗಳ ತೆಗೆದೆ. ಅವರು ಪಾಪ, ನನ್ನಷ್ಟೇ ತಿಳಿದವರು. "ಇನ್ನೊಂದು ಕಡ್ಡಿ ಬರ್ತೈತಲ್ಲ, ಟಿವಿ ಹಿಂದ ಸಿಗಸೂದು, ಅಲೆಕ್ಸಾ ಇರೂದು. ಅದನ್ನ ನೋಡು," ಎಂದರು. ನೋಡಿದೆ. ಅದಕ್ಕೂ ನಮ್ಮ ದೇಶದಲ್ಲಿ ಇಂಗ್ಲಿಷ್, ಹಿಂದಿ. ಕನ್ನಡ ಹಾಡು ಹಾಕು ಎಂದು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕೇಳಿದರೆ ಕನ್ನಡ ಹಾಡು ಹಾಕುತ್ತದೆ, ಕನ್ನಡದಲ್ಲಿ ಕೇಳಿದರೆ ಇಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಅಂಗಡಿಯಲ್ಲಿದ್ದ ಒಂದೊಂದೇ ಟಿವಿಯ ಮುಂದೆ ನಿಂತು ಪೂರ್ತಿ ಕನ್ನಡ ವಾಕ್ಯ ಹೇಳುತ್ತ ಹೋದೆ. "ಮಳೀ ಬರ್ತೈತೇನು ನಾಳೆ?" ಒಂದೂ ಉತ್ತರಿಸಲಿಲ್ಲ. ಕೊನೆಗೆ ಕೈಯಲ್ಲಿದ್ದ ನನ್ನ ಫೋನಿಗೆ ಅದನ್ನೇ ಪುಸ್ತಕದ ಕನ್ನಡದಲ್ಲಿ ಕೇಳಿದೆ. ಹಿರೇಕೆರೂರಿನಲ್ಲಿ ನಾಳೆ ಮೋಡವಿರುತ್ತದೆ ಎಂದು ಅದು ಕನ್ನಡದಲ್ಲಿ ಹೇಳಿತು! ಫೋನಿಗೆ ಬರುವ ಕನ್ನಡ ಟಿವಿಗೆ ಯಾಕೆ ಬರುವುದಿಲ್ಲ? ಕೇಳಲು ಯಾರೂ ಇರಲಿಲ್ಲ.

ಫೋನಿನಲ್ಲಿ ದಾರಿ ಇತ್ತು, ಇಲ್ಲವೆಂದಲ್ಲ. ಫೋನಿನ ಯೂಟ್ಯೂಬಿನಲ್ಲಿ ಕನ್ನಡದಲ್ಲಿ ಹೇಳಿ ಹುಡುಕಬಹುದು, ಸಿಕ್ಕದ್ದನ್ನು ಒಂದು ಗುರುತು ಒತ್ತಿ ಟಿವಿಗೆ ಕಳಿಸಬಹುದು. ಟಿವಿಯಲ್ಲಿ ಅಕ್ಷರ ಹೊಡೆಯುವ ಜಾಗ ಬಂದಾಗ ಫೋನಿನ ಕೀಲಿಮಣೆಯ ಮೈಕಿಗೆ ಕನ್ನಡದಲ್ಲಿ ಹೇಳಿದರೆ ಅಕ್ಷರವಾಗಿ ಟಿವಿಗೆ ಹೋಗುತ್ತದೆ. ಎಷ್ಟೋ ಗಿರಾಕಿಗಳಿಗೆ ಈಗ ನಾನು ಇದನ್ನೇ ಹೇಳಿಕೊಡುತ್ತೇನೆ. ಅಕ್ಕನ ಮುಂದೆ ಫೋನ್ ಇಟ್ಟು ಒಂದು ಭಾನುವಾರ ಪೂರ್ತಿ ಪ್ರಯತ್ನಪಟ್ಟೆವು. ಆದರೆ ಫೋನಿನ ತೆರೆಗೆ ಬೆರಳು ಸರಿಯಾದ ಜಾಗದಲ್ಲಿ ಮುಟ್ಟಬೇಕು, ಸರಿಸಬೇಕು, ಮತ್ತೆ ಮುಟ್ಟಬೇಕು. ಅಕ್ಕನ ಹೆಬ್ಬೆರಳಿಗೆ ಒಂದೇ ಕೆಲಸ ಬರುತ್ತದೆ. ಸಂಜೆಯ ಹೊತ್ತಿಗೆ ಅವಳ ಹಣೆಯಲ್ಲಿ ಬೆವರು. "ಸಾಕು. ತೆಗಿ ಇದನ್ನ," ಎಂದಳು.

ಉಳಿದ ದಾರಿ ಹಿಂದಿ. ಅದನ್ನು ಸೂಚಿಸಿದ್ದು ಪಕ್ಕದ ಮನೆಯಾಕೆ. ಆಕೆಯ ತವರು ಸವಣೂರು, ಮನೆಮಾತು ಉರ್ದು. "ಅದಕ್ಕೇನು ದೊಡ್ಡ ಮಾತ್ರಿ ಅಕ್ಕಾರ, ನಾ ಹೇಳಿಕೊಡ್ತೇನಿ," ಎಂದು ದಿನಾ ಮಧ್ಯಾಹ್ನ ಬಂದು ಮಂಚದ ಪಕ್ಕ ಕೂತಳು. ನಾನು ಟಿವಿಯ ಧ್ವನಿಯನ್ನು ಹಿಂದಿಗೆ ಹಾಕಿಕೊಟ್ಟು ಬಂದೆ. ಆವಾಜ್ ಕಮ್ ಕರೋ. ಅಗಲಾ ಎಪಿಸೋಡ್ ಲಗಾವೋ, ಅಂದರೆ ಮುಂದಿನದು ಹಚ್ಚು. ಟಿವಿ ಬಂದ್ ಕರೋ. ಏಳನೆಯ ಇಯತ್ತೆಯಲ್ಲಿ ಹಿಂದಿಯಲ್ಲಿ ನಪಾಸಾಗಿ ಶಾಲೆ ಬಿಟ್ಟಿದ್ದ ಅಕ್ಕ ಮೂರು ವಾರದಲ್ಲಿ ಎಂಟು ಹತ್ತು ಮಾತು ಕಲಿತಳು.

ಕೆಲಸ ಆಯಿತು. ನಾನು ಹೋದಾಗ ಅಕ್ಕ ಮಾಡಿ ತೋರಿಸಿದಳು. ಹೆಬ್ಬೆರಳು ಒತ್ತಿ, ಹಿಂದಿಯಲ್ಲಿ ಹೇಳಿದಳು, ಸಪ್ಪಳ ಇಳಿಯಿತು. ಅತ್ತೆ ಹೆಮ್ಮೆಯಿಂದ ನನ್ನ ಕಡೆ ನೋಡಿದರು. ನಾನು ಮಾತ್ರ ಅಕ್ಕನ ಧ್ವನಿ ಕೇಳಿ ಬೆಚ್ಚಿದೆ. ಸಂತೆಯಲ್ಲಿ ಬದನೆಕಾಯಿ ಮಾರುವವನ ಬೆವರಿಳಿಸುತ್ತಿದ್ದ ಧ್ವನಿ ಅದು. ಈಗ ಮೆತ್ತಗೆ, ಒಂದೊಂದೇ ಅಕ್ಷರ ಇಟ್ಟು, ಯಾವುದೋ ಸಾಹೇಬರ ಮನೆಯ ಬಾಗಿಲಲ್ಲಿ ನಿಂತ ಹಾಗೆ ಮಾತಾಡುತ್ತಿತ್ತು. ಯಾರನ್ನೂ ಕೇಳಬಾರದು ಎಂದವಳಿಗೆ ನಾನು ಕೇಳುವುದನ್ನೇ ಇನ್ನೊಂದು ಭಾಷೆಯಲ್ಲಿ ಕಲಿಸಿದ್ದೆ. ಆದರೂ ಅವಳು ಖುಷಿಯಾಗಿದ್ದಾಳೆ ಎಂದುಕೊಂಡು ಬಂದೆ. ಹಾಗೆ ಅಂದುಕೊಳ್ಳುವುದು ನನಗೂ ಬೇಕಾಗಿತ್ತು.

ಮಳೆಗಾಲ ಶುರುವಾಗಿ ಅಂಗಡಿಯಲ್ಲಿ ಗಿರಾಕಿ ಕಡಿಮೆಯಾದ ಒಂದು ದಿನ, ಫೋನಿನಲ್ಲಿ ಯೂಟ್ಯೂಬ್ ತೆರೆದು ಏನೋ ಹುಡುಕಲು ಹೋದೆ. ಹುಡುಕುವ ಜಾಗ ಮುಟ್ಟಿದ ಕೂಡಲೇ ಹಿಂದೆ ಹುಡುಕಿದ್ದರ ಪಟ್ಟಿ ಕೆಳಗೆ ಬಿಚ್ಚಿಕೊಂಡಿತು. ನಾನು ಹುಡುಕಿದ್ದು ಒಂದೂ ಇರಲಿಲ್ಲ. ಎಲ್ಲವೂ ಹಿಂದಿ ಅಕ್ಷರ. ಉದ್ದುದ್ದ ಸಾಲುಗಳು, ಒಂದು ಪದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಶಾಲೆಯಲ್ಲಿ ಕಲಿತ ಹಿಂದಿ ನೆನಪು ಮಾಡಿಕೊಂಡು ಓದಿದೆ, ತಲೆಬುಡ ತಿಳಿಯಲಿಲ್ಲ. ಆಮೇಲೆ ಹೊಳೆಯಿತು, ಅಕ್ಕನ ಟಿವಿಯಲ್ಲಿರುವುದು ನನ್ನ ಇಮೇಲ್. ಅಲ್ಲಿ ಹುಡುಕಿದ್ದೆಲ್ಲ ಇಲ್ಲಿ ಬರುತ್ತದೆ.

ಟಿವಿ ಕೆಟ್ಟಿದೆ, ಹಿಂದಿಯೂ ತಿಳಿಯದಂತಾಗಿದೆ, ಅಕ್ಕ ಹೇಳಿ ಹೇಳಿ ಸೋತಿದ್ದಾಳೆ. ನಾನು ಅಂದುಕೊಂಡದ್ದು ಅಷ್ಟು. ಇಷ್ಟೊಂದು ಸಲ ಪ್ರಯತ್ನಪಟ್ಟರೂ ನನಗೊಂದು ಮಾತು ಹೇಳಿಲ್ಲವಲ್ಲ ಎಂದು ಸಿಟ್ಟೂ ಬಂತು. ಮರುದಿನ ರಜೆ ಹಾಕಿ ಬೆಳಗಿನ ಬಸ್ಸಿಗೆ ಹಾವೇರಿ, ಅಲ್ಲಿಂದ ಶಿಗ್ಗಾಂವಿ ಮುಟ್ಟಿದೆ.

ಅತ್ತೆ ಹೊರಗೆ ಕಟ್ಟೆಯ ಮೇಲೆ ಕಾಲು ನೀಡಿ ಕೂತು ಶೇಂಗಾ ಸುಲಿಯುತ್ತಿದ್ದರು. "ಬಾರವಾ, ಕುಂಡರು. ಅಕ್ಕ ಆರಾಮ ಅದಾಳ. ಈಗ ನನ್ನ ಕೂಗೂದ ಇಲ್ಲ. ತಾನ ಹಚ್ಚತಾಳ, ತಾನ ಬಂದ್ ಮಾಡ್ತಾಳ. ನೀ ಭಾಳ ಪುಣ್ಯಾ ಕಟಗೊಂಡಿ," ಎಂದರು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಅವರ ಮೊಣಕಾಲಿಗೆ ನಿಜಕ್ಕೂ ವಿಶ್ರಾಂತಿ ಸಿಕ್ಕಿತ್ತು.

ಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು. ಒಳಗಿನಿಂದ ಅಕ್ಕನ ಮಾತು ಕೇಳಿತು. ಹಿಂದಿ ಅಲ್ಲ.

"...ಯಾರಿಗೆ ಹೇಳ್ಲಿ? ಅವರಿಗೂ ಸಾಕಾಗೈತಿ. ರಾತ್ರಿ ಬಂದು ಉಂಡು ಮಕ್ಕೊಂತಾರ, ನನ್ನ ಮಾರಿ ನೋಡೂದುಲ್ಲ. ನೋಡಿದ್ರ ಅಳು ಬರ್ತೈತಿ ಅಂತ ನೋಡೂದುಲ್ಲ, ನಂಗ ಗೊತ್ತೈತಿ..."

ಟಿವಿ ಟಿಣ್ ಎಂದಿತು. ಮತ್ತೆ ಗುಂಡಿ ಒತ್ತಿದ ಸಪ್ಪಳ, ಮತ್ತೆ ಅಕ್ಕನ ಮಾತು.

ನಾನು ಬಾಗಿಲು ತಳ್ಳಿದೆ. ತೆರೆಯ ಮೇಲೆ ಹಿಂದಿ ಅಕ್ಷರದ ಒಂದು ಅರ್ಥವಿಲ್ಲದ ಸಾಲು, ಅದರ ಕೆಳಗೆ ಯಾರದೋ ಮದುವೆಯ ವಿಡಿಯೋಗಳು. ಅಕ್ಕ ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ಹೆಬ್ಬೆರಳು ಎತ್ತಿದಳು. ಪಕ್ಕದ ಸ್ಟೂಲಿನ ಮೇಲೆ ಸ್ಟ್ರಾ ಹಾಕಿದ್ದ ನೀರಿನ ಬಾಟಲಿ ಖಾಲಿ ಇತ್ತು. ಅವಳ ತುಟಿ ಒಣಗಿತ್ತು.

ನಾನು ಬಾಟಲಿ ತುಂಬಿಸಿ ತಂದು ಸ್ಟ್ರಾ ಬಾಯಿಗೆ ಹಿಡಿದೆ. ಒಂದೇ ಉಸಿರಿಗೆ ಅರ್ಧ ಕುಡಿದಳು.

"ಯಾಕ ಕೂಗಲಿಲ್ಲ? ಅತ್ತಿ ಹೊರಗ ಅದಾರಲ್ಲ."

"ಈಗ ಕೂಗೂದು ಬಿಟ್ಟೇನಲ್ಲ. ಅವರಿಗೂ ರೂಢಿ ತಪ್ಪೈತಿ. ಮೊದಲ ಟಿವಿ ಸಲುವಾಗಿ ಬರ್ತಿದ್ರು, ಬಂದಾಗ ನೀರ ನೋಡ್ತಿದ್ರು, ತಲಿಗಿಂಬು ನೆಟ್ಟಗ ಮಾಡ್ತಿದ್ರು, ಒಂದೆರಡು ಮಾತ ಆಡ್ತಿದ್ರು. ಈಗ ಅದಕ್ಕ ಬರೂ ಕೆಲಸ ಇಲ್ಲ." ದೂರುವ ಧ್ವನಿಯಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ನಾನು ಅವಳ ತಲೆದಿಂಬು ನೆಟ್ಟಗೆ ಮಾಡಿದೆ. "ಟಿವಿಗೆ ಯಾಕ ಹೇಳಾಕತ್ತಿದ್ದಿ, ಅಕ್ಕಾ? ಅದಕ್ಕ ಕನ್ನಡ ತಿಳಿಯಂಗಿಲ್ಲ, ನಿನಗ ಗೊತ್ತೈತಿ."

"ತಿಳಿಯಂಗಿಲ್ಲ ಅಂತನ ಹೇಳೂದು," ಎಂದಳು. "ಅತ್ತಿ ಮುಂದ ಹೇಳಿದ್ರ ಅಳ್ತಾರ. ನಿಮ್ಮ ಭಾವಗ ಹೇಳಿದ್ರ ಎದ್ದು ಹೊರಗ ಹೊಕ್ಕಾರ. ನಿನಗ ಹೇಳಿದ್ರ ನಿಂದ ತಪ್ಪು ಅನ್ಕೋತಿ. ಇದಕ್ಕ ತಿಳಿಯಂಗಿಲ್ಲ. ಒಂದ ಗುಂಡಿ ಒತ್ತತೇನಿ, ಹೇಳ್ತೇನಿ, ಏನೋ ಒಂದು ತೋರಸ್ತೈತಿ. ಕೇಳಿಸಿಕೊಂಡಂಗ ಇರ್ತೈತಿ."

ನಾನು ಸುಮ್ಮನಿರಬೇಕಾಗಿತ್ತು. ಇರಲಾಗಲಿಲ್ಲ. ನೀನು ಹೇಳಿದ್ದೆಲ್ಲ ಸಾಲಾಗಿ ನನ್ನ ಫೋನಿಗೆ ಬರುತ್ತದೆ, ಅದಕ್ಕೇ ಓಡಿ ಬಂದೆ ಎಂದೆ. ಅವಳ ಮುಖ ಬಿಳುಪೇರಿತು.

"ತಿಳೀತೇನು ನಿನಗ?"

"ಇಲ್ಲ. ಬರೇ ಹಿಂದಿ ಅಕ್ಷರ. ಅರ್ಥಾನ ಇಲ್ಲ."

"ಹಂಗಾದ್ರ ಇರ್ಲಿ ಬಿಡ." ಅಕ್ಕ ತೆರೆಯ ಕಡೆ ಮುಖ ಹೊರಳಿಸಿದಳು. ಆ ಮದುವೆಯ ವಿಡಿಯೋಗಳಲ್ಲಿ ಒಂದು ತಾನಾಗಿಯೇ ಓಡಲು ಶುರುವಾಗಿತ್ತು. ನಾನು ಅದನ್ನು ನಿಲ್ಲಿಸಿದೆ. ಇಮೇಲ್ ಬದಲಿಸಿಕೊಡುತ್ತೇನೆ, ನಿನ್ನದೇ ಒಂದು ಮಾಡುತ್ತೇನೆ, ಹುಡುಕಿದ್ದನ್ನು ಅಳಿಸಿಯೂ ಹಾಕಬಹುದು ಎಂದೆಲ್ಲ ಅಂಗಡಿಯಲ್ಲಿ ಗಿರಾಕಿಗೆ ಹೇಳುವ ಹಾಗೆ ಒಂದೇ ಸಮನೆ ಹೇಳಿದೆ. ಅಕ್ಕ ಅದ್ಯಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ.

"ಒಂದು ಕೆಲಸ ಮಾಡ್ತಿ?" ಎಂದಳು ಕೊನೆಗೆ.

"ಹೇಳು."

"ಮುಂದ ಯಾವಾಗರ ಇದಕ್ಕ ಕನ್ನಡ ಬಂತಂದ್ರ ನನಗ ಮೊದಲ ತಿಳಸು."

ಅವಳಿಗೆ ಇನ್ನೂ ಆಸೆ ಉಳಿದಿದೆ ಎಂದು ನನ್ನ ಮನಸ್ಸು ಹಗುರಾಯಿತು. "ತಿಳಸ್ತೇನಿ. ಬಂದ ದಿನಾನ ಬಂದು ಹಾಕಿಕೊಡ್ತೇನಿ. ಆಗ ನಿನಗ ಬೇಕಾದ್ದು ಹೇಳಬಹುದು."

"ಹಾಕೂ ಸಲುವಾಗಿ ಅಲ್ಲ," ಎಂದಳು ಅಕ್ಕ. "ಅವತ್ತಿಂದ ಬಾಯಿ ಮುಚಗೋಬೇಕಲ್ಲ, ಅದಕ್ಕ."